ಪ್ರಮಾಣಿತ ವೆಚ್ಚದ ವ್ಯತ್ಯಾಸಗಳು

ಪ್ರಮಾಣಿತ ವೆಚ್ಚದ ವ್ಯತ್ಯಾಸ ಎಂದರೆ ಒಂದು ವಸ್ತುವನ್ನು ತಯಾರಿಸಲು ಮೊದಲೇ ನಿಗದಿಪಡಿಸಿದ ವೆಚ್ಚಕ್ಕೂ ವಾಸ್ತವವಾಗಿ ತಗುಲಿದ ವೆಚ್ಚಕ್ಕೂ ನಡುವಿನ ಅಂತರ. ವೆಚ್ಚ ಲೆಕ್ಕಶಾಸ್ತ್ರದಲ್ಲಿ ಇದನ್ನು ವೇರಿಯನ್ಸ್ ಎಂದೂ ಕರೆಯಲಾಗುತ್ತದೆ. ವಾಸ್ತವ ವೆಚ್ಚವು ಪ್ರಮಾಣಕ್ಕಿಂತ ಹೆಚ್ಚಾದರೆ ವ್ಯತ್ಯಾಸವು ಪ್ರತಿಕೂಲ, ಕಡಿಮೆಯಾದರೆ ಅನುಕೂಲ. ಉತ್ಪಾದನೆಯಲ್ಲಿ ಇದನ್ನು ಮುಖ್ಯವಾಗಿ ಬೆಲೆ, ಬಳಕೆ ಮತ್ತು ದಕ್ಷತೆ ಎಂಬ ಮೂರು ಭಾಗಗಳಾಗಿ ಒಡೆಯುತ್ತಾರೆ. ಇಂದು ಈ ಲೆಕ್ಕವನ್ನು ಬಹುಪಾಲು ಇಆರ್‌ಪಿ ತಂತ್ರಾಂಶಗಳೇ ಮಾಡುತ್ತವೆ. ಆದರೆ ತಂತ್ರಾಂಶವು ವ್ಯತ್ಯಾಸಕ್ಕೆ ಕೊಡುವ ಹೆಸರು ಹಣ ಯಾವ ಸಾಲಿನಲ್ಲಿ ಕಾಣಿಸಿಕೊಂಡಿತೆಂಬುದನ್ನು ತಿಳಿಸುತ್ತದೆಯೇ ಹೊರತು ಅದು ಏಕೆ ಖರ್ಚಾಯಿತೆಂಬುದನ್ನು ತಿಳಿಸುವುದಿಲ್ಲ. ಕಾರಣವನ್ನು ದಾಖಲೆಗಳ ಮೂಲಕ ಹುಡುಕಬೇಕಾಗುತ್ತದೆ. ಈ ಲೇಖನದಲ್ಲಿ ಆ ಹುಡುಕಾಟವನ್ನು ಸ್ಯಾಪ್ ತಂತ್ರಾಂಶದ ಒಂದು ಉತ್ಪಾದನಾ ಆದೇಶದ ಮೂಲಕ ವಿವರಿಸಲಾಗಿದೆ.

## ಮೂರು ವ್ಯತ್ಯಾಸಗಳ ಸೂತ್ರ

ಪ್ರಮಾಣಿತ ವೆಚ್ಚಕ್ಕೆ ಎರಡು ಅಂಗಗಳಿವೆ. ಒಂದು ಪರಿಮಾಣ, ಅಂದರೆ ಎಷ್ಟು ಕಿಲೋಗ್ರಾಂ ಕಚ್ಚಾವಸ್ತು, ಎಷ್ಟು ಗಂಟೆ ಯಂತ್ರ ಎಂಬುದು. ಇನ್ನೊಂದು ದರ. ಇಆರ್‌ಪಿಯಲ್ಲಿ ಕಚ್ಚಾವಸ್ತುವಿನ ಪರಿಮಾಣವು ಬಿಲ್ ಆಫ್ ಮೆಟೀರಿಯಲ್ಸ್‌ನಿಂದಲೂ ಗಂಟೆಗಳು ರೂಟಿಂಗ್‌ನಿಂದಲೂ ಬರುತ್ತವೆ. ಇವುಗಳಿಗೆ ದರ ಸೇರಿ ವಸ್ತುವಿನ ಪ್ರಮಾಣಿತ ಬೆಲೆ ನಿರ್ಧಾರವಾಗುತ್ತದೆ.

```
ಬೆಲೆ ವ್ಯತ್ಯಾಸ   = (ವಾಸ್ತವ ಬೆಲೆ − ಪ್ರಮಾಣಿತ ಬೆಲೆ) × ವಾಸ್ತವ ಪರಿಮಾಣ
ಬಳಕೆ ವ್ಯತ್ಯಾಸ   = (ವಾಸ್ತವ ಪರಿಮಾಣ − ಪ್ರಮಾಣಿತ ಪರಿಮಾಣ) × ಪ್ರಮಾಣಿತ ಬೆಲೆ
ದಕ್ಷತೆ ವ್ಯತ್ಯಾಸ = (ವಾಸ್ತವ ಗಂಟೆ − ಪ್ರಮಾಣಿತ ಗಂಟೆ) × ಪ್ರಮಾಣಿತ ದರ
```

ಇಲ್ಲಿ ಪ್ರಮಾಣಿತ ಪರಿಮಾಣ ಎಂದರೆ ಯೋಜಿಸಿದ ಉತ್ಪಾದನೆಗೆ ಬೇಕಾದ ಪರಿಮಾಣವಲ್ಲ, ವಾಸ್ತವವಾಗಿ ಹೊರಬಂದ ಒಳ್ಳೆಯ ಉತ್ಪಾದನೆಗೆ ಬೇಕಿದ್ದ ಪರಿಮಾಣ. ಕಲಿಯುವವರು ಹೆಚ್ಚು ಎಡವುವುದು ಇಲ್ಲಿಯೇ. ಬಳಕೆ ಮತ್ತು ದಕ್ಷತೆ ವ್ಯತ್ಯಾಸಗಳ ಗಣಿತ ಒಂದೇ ಆಗಿದೆ; ಮೊದಲನೆಯದು ವಸ್ತುವಿಗೆ, ಎರಡನೆಯದು ಸಮಯಕ್ಕೆ ಅನ್ವಯಿಸುತ್ತದೆ. ಸ್ಯಾಪ್ ಈ ಎರಡನ್ನೂ Input Quantity Variance ಎಂಬ ಒಂದೇ ವರ್ಗದಲ್ಲಿ ಇಡುತ್ತದೆ. ದಕ್ಷತೆ ಎಂಬ ಪ್ರತ್ಯೇಕ ಶೀರ್ಷಿಕೆಯನ್ನು ಅಲ್ಲಿ ಹುಡುಕಿದರೆ ಸಿಗದು. ಯಂತ್ರ-ಗಂಟೆಯ ಸಾಲಿನ ಪರಿಮಾಣ ವ್ಯತ್ಯಾಸವನ್ನೇ ದಕ್ಷತೆ ವ್ಯತ್ಯಾಸವೆಂದು ಓದಿಕೊಳ್ಳಬೇಕು.

## ಒಂದು ಉತ್ಪಾದನಾ ಆದೇಶ

ವಿವರಣೆಗಾಗಿ, ಇಂಜೆಕ್ಷನ್ ಮೋಲ್ಡಿಂಗ್ ಯಂತ್ರದಲ್ಲಿ ಪಾಲಿಪ್ರೊಪಿಲೀನ್‌ನಿಂದ ಡಬ್ಬಿಯ ಮುಚ್ಚಳಗಳನ್ನು ಮಾಡುವ ಒಂದು ಕಾಲ್ಪನಿಕ ಕಾರ್ಖಾನೆಯನ್ನು ತೆಗೆದುಕೊಳ್ಳಬಹುದು. ಅಚ್ಚಿಗೆ ನಾಲ್ಕು ಕ್ಯಾವಿಟಿಗಳಿದ್ದು, 18 ಸೆಕೆಂಡಿಗೊಮ್ಮೆ ನಾಲ್ಕು ಮುಚ್ಚಳಗಳು ಹೊರಬೀಳುತ್ತವೆ. ಅಂದರೆ ಗಂಟೆಗೆ 800 ಮುಚ್ಚಳ. 1,000 ಮುಚ್ಚಳಕ್ಕೆ ಪ್ರಮಾಣ ಹೀಗಿದೆ: ಸಾಮಾನ್ಯ ನಷ್ಟವೂ ಸೇರಿ 21 ಕೆ.ಜಿ. ಪಾಲಿಪ್ರೊಪಿಲೀನ್, ಕೆ.ಜಿ.ಗೆ ₹100, ಯಂತ್ರದ ಸಮಯ 1.25 ಗಂಟೆ, ಚಾಲಕನ ಕೂಲಿಯೂ ಸೇರಿ ಗಂಟೆಗೆ ₹600. ಹೀಗೆ 1,000 ಮುಚ್ಚಳದ ಪ್ರಮಾಣಿತ ವೆಚ್ಚ ₹2,850.

ಆದೇಶವಿದ್ದದ್ದು 40,000 ಮುಚ್ಚಳಗಳಿಗೆ. ಉಗ್ರಾಣಕ್ಕೆ ಬಂದ ಒಳ್ಳೆಯ ಮುಚ್ಚಳಗಳು 36,000. ಆದೇಶಕ್ಕೆ 25 ಕೆ.ಜಿ.ಯ 34 ಚೀಲ, ಅಂದರೆ 850 ಕೆ.ಜಿ. ಪಾಲಿಪ್ರೊಪಿಲೀನ್ ನೀಡಲಾಗಿದೆ, ಅದನ್ನು ಕೊಂಡ ಬೆಲೆ ಕೆ.ಜಿ.ಗೆ ₹104. ಯಂತ್ರ ಓಡಿದ್ದು 57 ಗಂಟೆ.

36,000 ಮುಚ್ಚಳಗಳಿಗೆ ಬೇಕಿದ್ದದ್ದು 756 ಕೆ.ಜಿ. ಮತ್ತು 45 ಗಂಟೆ. ಆದ್ದರಿಂದ ಸೂತ್ರದಂತೆ ಬಳಕೆ ವ್ಯತ್ಯಾಸ 94 ಕೆ.ಜಿ.ಗೆ ₹9,400, ದಕ್ಷತೆ ವ್ಯತ್ಯಾಸ 12 ಗಂಟೆಗೆ ₹7,200, ಬೆಲೆ ವ್ಯತ್ಯಾಸ 850 ಕೆ.ಜಿ.ಗೆ ₹3,400. ಮೂರೂ ಪ್ರತಿಕೂಲ, ಒಟ್ಟು ₹20,000.

## ಬೆಲೆ ವ್ಯತ್ಯಾಸ ಆದೇಶದಲ್ಲಿ ಏಕೆ ಕಾಣುವುದಿಲ್ಲ

ಇದೇ ಆದೇಶವನ್ನು ಸ್ಯಾಪ್‌ನಲ್ಲಿ ತೆರೆದರೆ ₹20,000 ಕಾಣುವುದಿಲ್ಲ. ₹16,600 ಮಾತ್ರ ಕಾಣುತ್ತದೆ. ಕಚ್ಚಾವಸ್ತುವಿನ ಬೆಲೆ ನಿಯಂತ್ರಣವು S, ಅಂದರೆ ಪ್ರಮಾಣಿತ ಬೆಲೆ, ಎಂದಿರುವಾಗ ದಾಸ್ತಾನು ಯಾವಾಗಲೂ ಪ್ರಮಾಣಿತ ಬೆಲೆಯಲ್ಲಿಯೇ ಮೌಲ್ಯಮಾಪನಗೊಳ್ಳುತ್ತದೆ. ₹104ಕ್ಕೆ ಕೊಂಡ ಪ್ರತಿ ಕಿಲೋಗ್ರಾಂ ಉಗ್ರಾಣಕ್ಕೆ ₹100ರಂತೆ ಸೇರುತ್ತದೆ. ಉಳಿದ ₹4 ಸರಕು ಸ್ವೀಕೃತಿಯ ಕ್ಷಣದಲ್ಲಿಯೇ PRD ಎಂಬ ಕೀಲಿಗೆ ಜೋಡಿಸಿದ ಬೆಲೆ ವ್ಯತ್ಯಾಸದ ಖಾತೆಗೆ ಹೋಗುತ್ತದೆ. ಮುಂದೆ ಆ ವಸ್ತುವನ್ನು ಉತ್ಪಾದನೆಗೆ ನೀಡುವಾಗ ಆದೇಶದ ಮೇಲೆ ಬೀಳುವುದು ₹100 ಮಾತ್ರ.

ಇದರಿಂದ ಎರಡು ಪರಿಣಾಮಗಳಿವೆ. ಮೊದಲನೆಯದಾಗಿ, ಪಠ್ಯಪುಸ್ತಕವು ಬಳಸಿದ ಪರಿಮಾಣದ ಮೇಲೆ ಲೆಕ್ಕಹಾಕುವ ಬೆಲೆ ವ್ಯತ್ಯಾಸವನ್ನು ತಂತ್ರಾಂಶವು ಕೊಂಡ ಪರಿಮಾಣದ ಮೇಲೆ, ಕೊಂಡ ತಿಂಗಳಿನಲ್ಲಿಯೇ ದಾಖಲಿಸುತ್ತದೆ. ಆ ತಿಂಗಳು 2,000 ಕೆ.ಜಿ. ಕೊಂಡಿದ್ದರೆ, 850 ಕೆ.ಜಿ. ಮಾತ್ರ ಬಳಸಿದ್ದರೂ ಖಾತೆಯಲ್ಲಿ ₹8,000 ಇರುತ್ತದೆ. ಎರಡನೆಯದಾಗಿ, ಉತ್ಪಾದನಾ ಆದೇಶದಲ್ಲಿ Input Price Variance ಕಂಡುಬಂದರೆ ಅದನ್ನು ಮಾರಾಟಗಾರನ ಬೆಲೆಯೆಂದು ಕೂಡಲೇ ತಿಳಿಯಬಾರದು. ಮುಚ್ಚಳದ ವೆಚ್ಚ ಅಂದಾಜು ಬಿಡುಗಡೆಯಾದ ಮೇಲೆ ಕಚ್ಚಾವಸ್ತುವಿನ ಪ್ರಮಾಣಿತ ಬೆಲೆಯನ್ನೇ ಯಾರೋ ಬದಲಿಸಿರಬಹುದು, ಅಥವಾ ಆ ವಸ್ತು V, ಅಂದರೆ ಚಲಿಸುವ ಸರಾಸರಿ ಬೆಲೆಯಲ್ಲಿ ಇರಬಹುದು. CK13Nನಲ್ಲಿ ಅಂದಾಜಿನ ದಿನದ ಬೆಲೆಯನ್ನೂ MM03ನಲ್ಲಿ ಇಂದಿನ ಬೆಲೆಯನ್ನೂ ಹೋಲಿಸಿದರೆ ಇದು ತಿಳಿಯುತ್ತದೆ.

ಯಂತ್ರ-ಗಂಟೆಯ ದರಕ್ಕೂ ಇದೇ ಮಾತು ಅನ್ವಯಿಸುತ್ತದೆ. KP26ರಲ್ಲಿ ಯೋಜಿಸಿದ ₹600ರ ದರದಲ್ಲಿಯೇ ಆದೇಶದ ಮೇಲೆ ವೆಚ್ಚ ಬೀಳುತ್ತದೆ. ವಿದ್ಯುತ್ ಅಥವಾ ಕೂಲಿ ಹೆಚ್ಚಾಗಿದ್ದರೆ ಆ ಅಂತರ ವೆಚ್ಚ ಕೇಂದ್ರದಲ್ಲಿ ಉಳಿಯುತ್ತದೆ. ತಿಂಗಳ ಕೊನೆಗೆ ವಾಸ್ತವ ದರದಲ್ಲಿ ಮರುಮೌಲ್ಯಮಾಪನ ಮಾಡಿದರೆ ಮಾತ್ರ ಅದು ಆದೇಶಕ್ಕೆ ಬರುತ್ತದೆ.

## ಹೋಲಿಕೆಯ ಆಧಾರ ಮತ್ತು ಆದೇಶದ ಸ್ಥಿತಿ

CO03ರ ವೆಚ್ಚ ವಿಶ್ಲೇಷಣೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಯೋಜಿತ ವೆಚ್ಚ ಮತ್ತು ವಾಸ್ತವ ವೆಚ್ಚದ ಕಂಬಸಾಲುಗಳು. ನಮ್ಮ ಆದೇಶದ ಯೋಜಿತ ವೆಚ್ಚ 40,000 ಮುಚ್ಚಳಗಳಿಗೆ ₹1,14,000. ವಾಸ್ತವ ವೆಚ್ಚ ₹1,19,200. ಅಂತರ ₹5,200 ಮಾತ್ರವಾದ್ದರಿಂದ ಆದೇಶ ಹೆಚ್ಚುಕಡಿಮೆ ಸರಿಯಾಗಿದೆ ಎನಿಸುತ್ತದೆ. ಆದರೆ 4,000 ಮುಚ್ಚಳಗಳು ಬಂದೇ ಇಲ್ಲ. ಹೋಲಿಸಬೇಕಾದದ್ದು Target ಎಂಬ ಕಂಬಸಾಲಿನೊಂದಿಗೆ. ಅದು 36,000 ಮುಚ್ಚಳಗಳಿಗೆ ಆಗಬೇಕಿದ್ದ ವೆಚ್ಚ, ₹1,02,600. ಸ್ಯಾಪ್‌ನಲ್ಲಿ 0 ಸಂಖ್ಯೆಯ ಗುರಿ ಆವೃತ್ತಿ ಸಾಮಾನ್ಯವಾಗಿ ಈ ಲೆಕ್ಕವನ್ನು ಹಿಡಿದಿರುತ್ತದೆ. (ಮಾರುಕಟ್ಟೆ ಬೆಲೆಯಿಂದ ಹಿಂದಕ್ಕೆ ಲೆಕ್ಕಹಾಕುವ ಗುರಿ ವೆಚ್ಚ ಪದ್ಧತಿಗೂ ಈ ಪದಕ್ಕೂ ಸಂಬಂಧವಿಲ್ಲ.)

ಇನ್ನೊಂದು ತೊಡಕು ಆದೇಶದ ಸ್ಥಿತಿಯದು. ಆದೇಶವು ಪೂರ್ತಿ ತಲುಪಿದ DLV ಅಥವಾ ತಾಂತ್ರಿಕವಾಗಿ ಮುಗಿದ TECO ಸ್ಥಿತಿಗೆ ಬಂದ ಮೇಲೆಯೇ ತಿಂಗಳ ಕೊನೆಯ ಲೆಕ್ಕ ಅದರ ಅಂತರವನ್ನು ವ್ಯತ್ಯಾಸವೆಂದು ಪರಿಗಣಿಸುತ್ತದೆ. ಅಲ್ಲಿಯವರೆಗೆ ಅದು ನಡೆಯುತ್ತಿರುವ ಕೆಲಸ, ಅಂದರೆ ಸ್ವತ್ತು. 40,000ದ ಆದೇಶಕ್ಕೆ 36,000 ಬಂದು ಯಂತ್ರಕ್ಕೆ ಬೇರೆ ಅಚ್ಚು ಏರಿದೆ ಎಂದುಕೊಳ್ಳೋಣ. ಯಾರೂ TECO ಮಾಡದಿದ್ದರೆ ಆದೇಶವು PDLV ಸ್ಥಿತಿಯಲ್ಲಿಯೇ ನಿಲ್ಲುತ್ತದೆ. ಆಗ ₹16,600 ನಷ್ಟವು ತಿಂಗಳುಗಟ್ಟಲೆ ಆಸ್ತಿ-ಹೊಣೆ ಪಟ್ಟಿಯಲ್ಲಿ ಸ್ವತ್ತಾಗಿ ಕುಳಿತಿರುತ್ತದೆ. ವ್ಯತ್ಯಾಸದ ವರದಿ ಅನುಮಾನ ಬರುವಷ್ಟು ಚೊಕ್ಕಟವಾಗಿದ್ದರೆ ಮೊದಲು ಹಳೆಯ, ಭಾಗಶಃ ತಲುಪಿದ ಆದೇಶಗಳ ಪಟ್ಟಿಯನ್ನು COOISನಲ್ಲಿ ತೆಗೆಯುವುದು ಒಳ್ಳೆಯದು.

## ತನಿಖೆ

KKS2ರಲ್ಲಿ ಈ ಒಂದು ಆದೇಶದ ವ್ಯತ್ಯಾಸವನ್ನು ಲೆಕ್ಕಹಾಕಿದಾಗ ಪಾಲಿಪ್ರೊಪಿಲೀನ್ ಸಾಲಿನಲ್ಲಿ ₹9,400, ಯಂತ್ರ-ಗಂಟೆಯ ಸಾಲಿನಲ್ಲಿ ₹7,200 ಬರುತ್ತದೆ. ಇಲ್ಲಿಂದ ಮುಂದೆ ಅನುಸರಿಸುವ ಕ್ರಮ ಮುಖ್ಯ: ಮೊದಲು ದಾಖಲೆ ಸರಿಯೇ, ಅನಂತರ ಪ್ರಮಾಣ ಸರಿಯೇ, ಕೊನೆಗೆ ಕಾರ್ಖಾನೆಯಲ್ಲಿ ಏನಾಯಿತು. ಈ ಕ್ರಮವನ್ನು ತಲೆಕೆಳಗು ಮಾಡಿ ನೇರವಾಗಿ ಪಾಳಿಯ ಮೇಲ್ವಿಚಾರಕನನ್ನು ಪ್ರಶ್ನಿಸಿದರೆ, ಆಗದ ನಷ್ಟಕ್ಕೂ ಆತ ಉತ್ತರ ಹೇಳಬೇಕಾಗುತ್ತದೆ.

### ಕಚ್ಚಾವಸ್ತುವಿನ ಸಾಲು

MB51ರಲ್ಲಿ ಆದೇಶ ಸಂಖ್ಯೆಯನ್ನು ಕೊಟ್ಟು 261 ಮತ್ತು 262 ಚಲನೆಗಳ ಪಟ್ಟಿ ತೆಗೆಯಲಾಗುತ್ತದೆ. 261 ಎಂದರೆ ಆದೇಶಕ್ಕೆ ನೀಡಿದ್ದು, 262 ಎಂದರೆ ಮರಳಿಸಿದ್ದು. ದಿನಾಂಕದ ಜೊತೆಗೆ ನಮೂದಿನ ವೇಳೆಯನ್ನೂ ನೋಡಬೇಕು. ನಮ್ಮ ಆದೇಶದಲ್ಲಿ ಯಂತ್ರ ಮೊದಲ ದಿನ ಬೆಳಿಗ್ಗೆ 6ಕ್ಕೆ ಆರಂಭವಾಗಿ ಮೂರನೆಯ ದಿನ ಮಧ್ಯಾಹ್ನ 3ಕ್ಕೆ ನಿಂತಿತು ಎಂದು ಕೆಲಸದ ದೃಢೀಕರಣ ಹೇಳುತ್ತದೆ. ಆದರೆ ಕೊನೆಯ ಎರಡು ಚೀಲಗಳ 261 ನಮೂದು ಅದೇ ದಿನ ಸಂಜೆ 5ಕ್ಕೆ ಆಗಿದೆ. ಯಂತ್ರ ನಿಂತ ಮೇಲೆ ನೀಡಿದ ವಸ್ತು ಈ ಮುಚ್ಚಳಗಳಿಗೆ ಸೇರಿರಲಾರದು. ಮುಂದಿನ ಆದೇಶವನ್ನು ತೆರೆದರೆ ಅದೇ ಪಾಲಿಪ್ರೊಪಿಲೀನ್ ಬಳಸಿದ ಆ ಆದೇಶದಲ್ಲಿ ಸರಿಯಾಗಿ 50 ಕೆ.ಜಿ.ಯ ಅನುಕೂಲ ವ್ಯತ್ಯಾಸ ಸಿಗುತ್ತದೆ. ಚೀಲ ಎಳೆದವರು ಹಳೆಯ ಆದೇಶದ ಸಂಖ್ಯೆಯನ್ನೇ ನಮೂದಿಸಿದ್ದಾರೆ. ಒಂದು ಆದೇಶದ ಪ್ರತಿಕೂಲಕ್ಕೆ ನೆರೆಯ ಆದೇಶದಲ್ಲಿ ಅಷ್ಟೇ ಅನುಕೂಲ ಸಿಗುವುದು ದಾಖಲೆ ದೋಷದ ಬಲವಾದ ಗುರುತು. 262ರಿಂದ ಹಿಂದಕ್ಕೆ ಪಡೆದು ಸರಿಯಾದ ಆದೇಶಕ್ಕೆ 261 ಹಾಕಿದರೆ ಎರಡೂ ಸರಿಯಾಗುತ್ತವೆ.

ಇಲ್ಲಿ ಚೀಲಗಳನ್ನು ಕೈಯಿಂದ ನಮೂದಿಸಲಾಗಿತ್ತು. ಬ್ಯಾಕ್‌ಫ್ಲಶ್ ಪದ್ಧತಿ ಇರುವಲ್ಲಿ ಸನ್ನಿವೇಶ ಬೇರೆ. ಅಲ್ಲಿ ತಂತ್ರಾಂಶವೇ ಬಿಲ್ ಆಫ್ ಮೆಟೀರಿಯಲ್ಸ್ ಪ್ರಕಾರ ವಸ್ತುವನ್ನು ಕಳೆಯುವುದರಿಂದ ಬಳಕೆ ವ್ಯತ್ಯಾಸ ಹೆಚ್ಚುಕಡಿಮೆ ಸೊನ್ನೆಯಾಗಿರುತ್ತದೆ. ನಿಜವಾದ ನಷ್ಟ ಆದೇಶದಲ್ಲಿ ಕಾಣದೆ ದಾಸ್ತಾನು ಎಣಿಕೆಯ ದಿನ ಕೊರತೆಯಾಗಿ ಹೊರಬೀಳುತ್ತದೆ. ಉಗ್ರಾಣದಲ್ಲಿ ಸಾಕಷ್ಟು ಪರಿಮಾಣವಿಲ್ಲದೆ ಬ್ಯಾಕ್‌ಫ್ಲಶ್ ವಿಫಲವಾದರೆ ಆ ಚಲನೆ COGI ಪಟ್ಟಿಯಲ್ಲಿ ಕಾಯುತ್ತಿರುತ್ತದೆ. ಆದೇಶವು ವಸ್ತುವನ್ನೇ ಬಳಸದೆ ಮುಚ್ಚಳ ಮಾಡಿದಂತೆ ತೋರುತ್ತದೆ. ದೊಡ್ಡ ಅನುಕೂಲ ವ್ಯತ್ಯಾಸ ಕಂಡಾಗ ಸಂತೋಷಪಡುವ ಮೊದಲು COGI ನೋಡಬೇಕು.

50 ಕೆ.ಜಿ. ಕಳೆದರೆ ಉಳಿಯುವುದು 44 ಕೆ.ಜಿ. ಇದು ನಿಜವಾದ ಬಳಕೆ. ದೃಢೀಕರಣದಲ್ಲಿ ತಿರಸ್ಕೃತ ಮುಚ್ಚಳಗಳ ಅಂಕಣ ಖಾಲಿಯಿದೆ. ಆದರೆ ಗುಣಮಟ್ಟ ವಿಭಾಗದ ಪುಸ್ತಕದಲ್ಲಿ 1,500 ಮುಚ್ಚಳಗಳನ್ನು ತಿರಸ್ಕರಿಸಿದ ನಮೂದಿದೆ. 1,000ಕ್ಕೆ 21 ಕೆ.ಜಿ.ಯಂತೆ ಅದು 31.5 ಕೆ.ಜಿ. ಅಂಕಣವನ್ನು ತುಂಬಿದ್ದರೆ ಈ ಮೊತ್ತವನ್ನು ಸ್ಯಾಪ್ Scrap Variance ಎಂದು ಬೇರ್ಪಡಿಸಿ ತೋರಿಸಬಹುದಿತ್ತು. ತುಂಬದ್ದರಿಂದ ಅದು ಬಳಕೆ ವ್ಯತ್ಯಾಸದಲ್ಲಿ ಕರಗಿದೆ. ಇನ್ನುಳಿದ 12.5 ಕೆ.ಜಿ.ಯನ್ನು 36,000ದಿಂದ ಭಾಗಿಸಿದರೆ ಮುಚ್ಚಳವೊಂದಕ್ಕೆ ಸುಮಾರು ಮೂರನೆಯ ಒಂದು ಗ್ರಾಂ ಹೆಚ್ಚುವರಿ. ಮಾದರಿಗಳನ್ನು ತೂಗಿದ ಪುಸ್ತಕದಲ್ಲಿ ಎರಡನೆಯ ದಿನದಿಂದ ತೂಕ ಏರಿರುವುದು ಕಾಣುತ್ತದೆ.

### ಯಂತ್ರ-ಗಂಟೆಯ ಸಾಲು

12 ಗಂಟೆ ಹೆಚ್ಚುವರಿ ಎಂಬ ಅಂಕಿಯಿಂದ ಯಂತ್ರ ನಿಧಾನವಾಗಿತ್ತೇ, ನಿಂತಿತ್ತೇ, ಅಥವಾ ಓಡುತ್ತಲೇ ಕಡಿಮೆ ಕೊಟ್ಟಿತೇ ಎಂಬುದು ತಿಳಿಯದು. ದೃಢೀಕರಣಗಳನ್ನು ಪಾಳಿವಾರು ಜೋಡಿಸಿ ಗಂಟೆಗೆ ಎಷ್ಟು ಮುಚ್ಚಳ ಬಂದವೆಂದು ನೋಡಬೇಕು. ತಿರಸ್ಕೃತವೂ ಸೇರಿ ಒಟ್ಟು 37,500 ಮುಚ್ಚಳಗಳಲ್ಲಿ ಮೊದಲ ದಿನ ರಾತ್ರಿ 10.30ರವರೆಗಿನ 16.5 ಗಂಟೆಗಳಲ್ಲಿ 13,200 ಬಂದಿವೆ. ಅದು ಗಂಟೆಗೆ 800, ಪ್ರಮಾಣದಷ್ಟೇ. ಅನಂತರದ 40.5 ಗಂಟೆಗಳಲ್ಲಿ ಬಂದದ್ದು 24,300, ಗಂಟೆಗೆ 600. ವೇಗ ಸರಿಯಾಗಿ ಕಾಲು ಭಾಗ ಕುಸಿದಿದೆ. ನಾಲ್ಕು ಕ್ಯಾವಿಟಿಯ ಅಚ್ಚಿನಲ್ಲಿ ಕಾಲು ಭಾಗ ಎಂದರೆ ಒಂದು ಕ್ಯಾವಿಟಿ. ಹಾಳಾದ ಕ್ಯಾವಿಟಿಯನ್ನು ರಾತ್ರಿ ಪಾಳಿಯಲ್ಲಿ ಮುಚ್ಚಿ, ಉಳಿದ ಮೂರರಲ್ಲಿ ಕೆಲಸ ಮುಂದುವರಿಸಿದ್ದು ನಿರ್ವಹಣಾ ಪುಸ್ತಕದಲ್ಲಿಯೂ ದಾಖಲಾಗಿದೆ.

ಗಂಟೆಗೆ 200 ಮುಚ್ಚಳದಂತೆ 40.5 ಗಂಟೆಗಳಲ್ಲಿ ಕಳೆದುಕೊಂಡದ್ದು 8,100 ಮುಚ್ಚಳ. ಪ್ರಮಾಣಿತ ವೇಗದಲ್ಲಿ ಅದು 10.125 ಗಂಟೆಯ ಕೆಲಸ. ಉಳಿದ 1.875 ಗಂಟೆ 1,500 ತಿರಸ್ಕೃತ ಮುಚ್ಚಳಗಳನ್ನು ಮಾಡಲು ಹೋಗಿದೆ. 12 ಗಂಟೆಗಳಿಗೂ ಲೆಕ್ಕ ಸಿಕ್ಕಿತು.

### ಹೆಸರಿನಿಂದ ಕಾರಣಕ್ಕೆ

ಈಗ ₹16,600ನ್ನು ಕಾರಣಗಳ ಪ್ರಕಾರ ಮರುಜೋಡಿಸಬಹುದು.

| ಕಾರಣ | ಬಳಕೆಯಲ್ಲಿ ಕಂಡದ್ದು | ದಕ್ಷತೆಯಲ್ಲಿ ಕಂಡದ್ದು | ಒಟ್ಟು |
|---|---|---|---|
| ತಪ್ಪು ಆದೇಶಕ್ಕೆ ನಮೂದಾದ ಎರಡು ಚೀಲ | ₹5,000 | – | ₹5,000 |
| ಮುಚ್ಚಿದ ಕ್ಯಾವಿಟಿಯಿಂದ ಹೋದ ಸಮಯ | – | ₹6,075 | ₹6,075 |
| ತಿರಸ್ಕೃತ ಮುಚ್ಚಳಗಳು | ₹3,150 | ₹1,125 | ₹4,275 |
| ಹೆಚ್ಚಿದ ತೂಕ | ₹1,250 | – | ₹1,250 |
| ಒಟ್ಟು | ₹9,400 | ₹7,200 | ₹16,600 |

ತಿರಸ್ಕಾರದ ವೆಚ್ಚ ಎರಡು ಹೆಸರುಗಳಲ್ಲಿ ಹಂಚಿಹೋಗಿತ್ತು. ಇನ್ನೂ ಮುಂದೆ ಹೋದರೆ ಕೊನೆಯ ಮೂರು ಸಾಲುಗಳ ಬೇರು ಒಂದೇ ಎಂದು ತಿಳಿಯುತ್ತದೆ. ನಾಲ್ಕು ಕ್ಯಾವಿಟಿಗೆ ಹೊಂದಿಸಿದ ಪ್ರಮಾಣದ ಕರಗಿದ ಪ್ಲಾಸ್ಟಿಕ್ಕನ್ನು ಮೂರು ಕ್ಯಾವಿಟಿಗೆ ತಳ್ಳಿದರೆ ಅವು ಅತಿಯಾಗಿ ತುಂಬುತ್ತವೆ. ಮುಚ್ಚಳದ ತೂಕ ಏರುತ್ತದೆ. ಅಚ್ಚಿನ ಕೂಡುಗೆರೆಯಿಂದ ಪ್ಲಾಸ್ಟಿಕ್ ತೆಳುವಾಗಿ ಹೊರಚಾಚಿ, ಕಾರ್ಖಾನೆಯ ಭಾಷೆಯಲ್ಲಿ ಫ್ಲ್ಯಾಶ್ ಆಗಿ, ಮುಚ್ಚಳ ತಿರಸ್ಕೃತವಾಗುತ್ತದೆ. ತಿರಸ್ಕಾರದ ನಮೂದುಗಳು ರಾತ್ರಿ 10.30ರ ಬಳಿಕವೇ ಆರಂಭವಾಗಿದ್ದು, ಕಾರಣದ ಅಂಕಣದಲ್ಲಿ ಫ್ಲ್ಯಾಶ್ ಎಂದಿರುವುದು ಇದನ್ನು ಸಮರ್ಥಿಸುತ್ತದೆ. ವರದಿಯು ದೊಡ್ಡ ಬಳಕೆ ವ್ಯತ್ಯಾಸ ಮತ್ತು ಸಣ್ಣ ದಕ್ಷತೆ ವ್ಯತ್ಯಾಸವೆಂದು ತೋರಿಸಿದ್ದು ವಾಸ್ತವದಲ್ಲಿ ₹5,000ದ ನಮೂದು ದೋಷ ಮತ್ತು ₹11,600ರ ಒಂದು ಅಚ್ಚಿನ ತೊಂದರೆ. ಉಗ್ರಾಣದ ಮೇಲೆ ಬಿಗಿ ಮಾಡಿದ್ದರೆ ಅಚ್ಚು ಹಾಗೆಯೇ ಉಳಿಯುತ್ತಿತ್ತು.

## ಪ್ರಮಾಣವೇ ಹಳೆಯದಾದಾಗ

ಮೇಲಿನ ಆದೇಶದಲ್ಲಿ ಮೊದಲ 16.5 ಗಂಟೆ ಪ್ರಮಾಣದ ವೇಗವೇ ಬಂದದ್ದರಿಂದ ರೂಟಿಂಗ್ ಸರಿಯಿದೆ ಎನ್ನಬಹುದು. ಎಲ್ಲ ಸಂದರ್ಭಗಳಲ್ಲಿ ಇಷ್ಟು ಸುಲಭವಾಗಿ ಸಾಕ್ಷ್ಯ ಸಿಗುವುದಿಲ್ಲ. ಒಂದೇ ವಸ್ತುವಿನ ಹತ್ತಾರು ಆದೇಶಗಳಲ್ಲಿ ವ್ಯತ್ಯಾಸವು ಒಂದೇ ದಿಕ್ಕಿನಲ್ಲಿ, ಸರಿಸುಮಾರು ಒಂದೇ ಶೇಕಡಾವಾರು ಬರುತ್ತಿದ್ದರೆ ದೋಷ ಕೆಲಸಗಾರರಲ್ಲಿ ಅಲ್ಲ, ಪ್ರಮಾಣದಲ್ಲಿದೆ ಎಂದು ಅನುಮಾನಿಸಬೇಕು. ಒಂದೇ ಆದೇಶದಲ್ಲಿ ಥಟ್ಟನೆ ಎದ್ದ ವ್ಯತ್ಯಾಸಕ್ಕೆ ಘಟನೆಯೊಂದು ಕಾರಣವಾಗಿರುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ವರ್ಷದ ಮಧ್ಯದಲ್ಲಿ ಬಿಲ್ ಆಫ್ ಮೆಟೀರಿಯಲ್ಸ್ ತಿದ್ದಿದರೂ ಪ್ರಮಾಣಿತ ಬೆಲೆ ತಾನಾಗಿ ಬದಲಾಗುವುದಿಲ್ಲ. ಹೊಸ ಅಂದಾಜು ಮಾಡಿ ಬಿಡುಗಡೆ ಮಾಡುವವರೆಗೆ ಹಳೆಯದೇ ಇರುತ್ತದೆ. ಆದೇಶವು ಹೊಸ ಪರಿಮಾಣವನ್ನು ಹಿಡಿದು ಸಾಗುತ್ತದೆ, ಗುರಿ ವೆಚ್ಚವು ಹಳೆಯದನ್ನು ಹಿಡಿದು ನಿಲ್ಲುತ್ತದೆ. ಆಗ ಕಾರ್ಖಾನೆ ತನಗೆ ಹೇಳಿದಂತೆಯೇ ಕೆಲಸ ಮಾಡಿದರೂ ವ್ಯತ್ಯಾಸ ಬರುತ್ತದೆ. ಮೂಲ ವಸ್ತುವಿನ ಬದಲು ಬೇರೊಂದನ್ನು ಬಳಸಿದಾಗ ಬರುವ ಅಂತರವನ್ನು ಸ್ಯಾಪ್ Resource-Usage Variance ಎಂದು ಬೇರೆ ತೋರಿಸುತ್ತದೆ.

## ಲೆಕ್ಕಪತ್ರದಲ್ಲಿ ಸ್ಥಾನ ಮತ್ತು ಮಿತಿಗಳು

ಆದೇಶವನ್ನು KO88 ಅಥವಾ CO88ರ ಮೂಲಕ ಇತ್ಯರ್ಥಗೊಳಿಸಿದಾಗ ಪ್ರಮಾಣಿತ ಬೆಲೆಯ ವಸ್ತುಗಳಲ್ಲಿ ವ್ಯತ್ಯಾಸವು ಬೆಲೆ ವ್ಯತ್ಯಾಸದ ಖಾತೆಗೆ, ಆ ಮೂಲಕ ಲಾಭ-ನಷ್ಟಕ್ಕೆ ಹೋಗುತ್ತದೆ. ಮೆಟೀರಿಯಲ್ ಲೆಡ್ಜರ್‌ನಲ್ಲಿ ವಾಸ್ತವ ವೆಚ್ಚದ ಲೆಕ್ಕವನ್ನು ಚಾಲೂ ಮಾಡಿದ್ದರೆ ತಿಂಗಳ ಕೊನೆಗೆ ಅದನ್ನು ಮಾರಾಟವಾದ ಸರಕಿಗೂ ಉಳಿದ ದಾಸ್ತಾನಿಗೂ ಹಂಚಬಹುದು. ಭಾರತದ ಇಂಡ್ ಎಎಸ್ 2, ಫಲಿತಾಂಶವು ವಾಸ್ತವ ವೆಚ್ಚಕ್ಕೆ ಸಮೀಪವಾಗಿದ್ದರೆ ಮಾತ್ರ ದಾಸ್ತಾನನ್ನು ಪ್ರಮಾಣಿತ ವೆಚ್ಚದಲ್ಲಿ ಅಳೆಯಲು ಒಪ್ಪುತ್ತದೆ. ಅಸಹಜ ಪ್ರಮಾಣದ ವ್ಯರ್ಥವನ್ನು ದಾಸ್ತಾನಿನ ಮೌಲ್ಯಕ್ಕೆ ಸೇರಿಸದೆ ಆ ಅವಧಿಯ ಖರ್ಚಾಗಿ ಬರೆಯಬೇಕು. ಕಾರಣವಾರು ಕೋಷ್ಟಕ ಇಲ್ಲಿಯೂ ಬೇಕಾಗುತ್ತದೆ. 1,500 ತಿರಸ್ಕೃತ ಮುಚ್ಚಳಗಳು ಅಸಹಜವೇ ಎಂಬುದನ್ನು ಬಳಕೆ ವ್ಯತ್ಯಾಸ ಎಂಬ ಒಂದೇ ಮೊತ್ತ ನೋಡಿ ನಿರ್ಧರಿಸಲಾಗದು.

ದಕ್ಷತೆ ವ್ಯತ್ಯಾಸದ ರೂಪಾಯಿಗಳನ್ನು ಕೈಬಿಟ್ಟ ನಗದೆಂದು ಓದುವುದು ಸರಿಯಲ್ಲ. ಗಂಟೆಯ ₹600ರಲ್ಲಿ ಸವಕಳಿ, ಕಟ್ಟಡದ ಬಾಡಿಗೆ ಮುಂತಾದ ಸ್ಥಿರ ವೆಚ್ಚಗಳೂ ಸೇರಿವೆ. ಯಂತ್ರ ಬಿಡುವಾಗಿದ್ದರೆ 12 ಗಂಟೆ ಹೆಚ್ಚು ಓಡಿದ್ದರಿಂದ ಹೋದದ್ದು ವಿದ್ಯುತ್ತು ಮತ್ತು ಹೆಚ್ಚುವರಿ ಕೂಲಿ ಮಾತ್ರ. ಅದೇ ಯಂತ್ರಕ್ಕೆ ಮುಂದಿನ ಆದೇಶಗಳು ಸಾಲುಗಟ್ಟಿ ಕಾಯುತ್ತಿದ್ದರೆ ಆ 12 ಗಂಟೆಗಳಲ್ಲಿ ಆಗಬಹುದಿದ್ದ ಮಾರಾಟದ ಲಾಭವೂ ಹೋದಂತೆ. ಆಗ ನಷ್ಟ ₹7,200ನ್ನು ಮೀರಬಹುದು. ಅಚ್ಚನ್ನು ರಾತ್ರಿಯೇ ಇಳಿಸಿ ದುರಸ್ತಿ ಮಾಡಬೇಕಿತ್ತೇ ಅಥವಾ ಮೂರು ಕ್ಯಾವಿಟಿಯಲ್ಲಿ ಮುಂದುವರಿದದ್ದು ಸರಿಯೇ ಎಂಬ ಪ್ರಶ್ನೆಗೆ ಉತ್ತರ ಆ ಸಾಲಿನ ಉದ್ದವನ್ನು ಅವಲಂಬಿಸಿದೆ. ಅದು ವ್ಯತ್ಯಾಸದ ವರದಿಯಲ್ಲಿ ಇರುವುದಿಲ್ಲ, ಉತ್ಪಾದನಾ ಯೋಜನೆಯ ಪಟ್ಟಿಯಲ್ಲಿರುತ್ತದೆ.